ಲ್ಯಾಪ್‌ಟಾಪ್ ಪದೇ ಪದೇ ಆಫ್ ಆಗ್ತಿದೆ, ಹೆಲ್ಪ್‌ಡೆಸ್ಕ್‌ಗೆ ಏನಂತ ಬರೆಯಲಿ?

ರೇಖಾ: ವಿಡಿಯೊ ಕಾಲ್ ಮಧ್ಯೆ ಲ್ಯಾಪ್‌ಟಾಪ್ ದಿಢೀರ್ ಅಂತ ಆಫ್ ಆಗುತ್ತೆ, ಚಾರ್ಜರ್ ತೆಗೆದಾಗ ಮಾತ್ರ. ಟಿಕೆಟ್ ಹಾಕಿದೆ, ‘ರೀಸ್ಟಾರ್ಟ್ ಮಾಡಿ’ ಅಂದು ಮುಚ್ಚಿದರು. ಈಗ ಟಚ್‌ಪ್ಯಾಡ್ ಕೂಡ ಸರಿಯಾಗಿ ಕ್ಲಿಕ್ ಆಗಲ್ಲ. ಅರ್ಜೆಂಟ್ ಅಂತ ಹೇಗೆ ಬರೆಯೋದು?

ಗಿರೀಶ್ (ಐಟಿ ಸಪೋರ್ಟ್): ಕೊನೆಗೆ ಹೇಳಿದ ಟಚ್‌ಪ್ಯಾಡ್ ವಿಷಯವೇ ನನಗೆ ಚಿಂತೆ. ಆಫ್ ಮಾಡಿ ಮೇಜಿನ ಮೇಲಿಟ್ಟು ನೋಡಿ. ತಳ ಅಲ್ಲಾಡುತ್ತಾ? ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದೆಯಾ? ಹಾಗಿದ್ದರೆ ಬ್ಯಾಟರಿ ಊದಿರಬಹುದು, ಚಾರ್ಜ್ ಮಾಡಬೇಡಿ, ಮುಚ್ಚಳ ಒತ್ತಿ ಮುಚ್ಚಲೂಬೇಡಿ. ಫೋನ್‌ನಿಂದ ಹೊಸ ಟಿಕೆಟ್ ಹಾಕಿ, ಹೀಗೆ:

ವಿಷಯ: ಬ್ಯಾಟರಿ ಊದಿರುವ ಅನುಮಾನ, ಚಾರ್ಜಿಂಗ್ ನಿಲ್ಲಿಸಿದ್ದೇನೆ
ಚಾರ್ಜರ್ ಇಲ್ಲದೆ ವಿಡಿಯೊ ಕಾಲ್‌ನಲ್ಲಿರುವಾಗ, ಬ್ಯಾಟರಿ 40% ಇದ್ದರೂ ಆಫ್ ಆಗುತ್ತದೆ. ನೀಲಿ ಪರದೆ ಬರುವುದಿಲ್ಲ. ಚಾರ್ಜರ್ ಇದ್ದಾಗ ಆಗಿಲ್ಲ. ರೀಸ್ಟಾರ್ಟ್ ಮಾಡಿದ ಮೇಲೂ ಮತ್ತೆ ಆಗಿದೆ. ಟಚ್‌ಪ್ಯಾಡ್ ಎದ್ದಿದೆ, ಫೋಟೊ ಇದೆ. ಬದಲಿ ಲ್ಯಾಪ್‌ಟಾಪ್ ಬೇಕು.

40 ಅಂದಿದ್ದು ನನ್ನ ಊಹೆ, ನೀವು ನೋಡಿದ್ದನ್ನೇ ಬರೆಯಿರಿ. ಹಳೆಯ ಟಿಕೆಟ್ ಸಂಖ್ಯೆಯನ್ನೂ ಹಾಕಿ, ಇಲ್ಲದಿದ್ದರೆ ಮತ್ತೆ ರೀಸ್ಟಾರ್ಟ್‌ನಿಂದಲೇ ಶುರು ಮಾಡ್ತಾರೆ. ಕಾಲ್ ನಡೆಯುವಾಗ ಲ್ಯಾಪ್‌ಟಾಪ್ ಜಾಸ್ತಿ ಕರೆಂಟ್ ಎಳೆಯುತ್ತೆ. ಸವೆದ ಬ್ಯಾಟರಿಯ ವೋಲ್ಟೇಜ್ ಆಗ ಕುಸಿಯುತ್ತೆ, ಪರ್ಸೆಂಟ್ ಮಾತ್ರ ಚೆನ್ನಾಗಿಯೇ ಕಾಣುತ್ತೆ. ಚಾರ್ಜರ್ ಇದ್ದಾಗ ಆಗಲ್ಲ ಅನ್ನೋ ಒಂದು ಸಾಲು ನಮ್ಮ ಅರ್ಧ ದಿನ ಉಳಿಸುತ್ತೆ. ‘ಅರ್ಜೆಂಟ್’ ಎಲ್ಲರೂ ಬರೀತಾರೆ. ಯಾವ ಕೆಲಸ ಯಾವತ್ತಿಗೆ ನಿಲ್ಲುತ್ತೆ ಅಂತ ಬರೆಯಿರಿ.

ಮಂಜು: ಬ್ಯಾಟರಿ ಪೂರ್ತಿ ಖಾಲಿ ಮಾಡಿ 100ಕ್ಕೆ ಚಾರ್ಜ್ ಮಾಡಿದ್ರೆ ಸರಿಹೋಗುತ್ತೆ, ಫಾರ್ವರ್ಡ್ ಬಂದಿತ್ತು.

ಗಿರೀಶ್: ಅದರಿಂದ ಪರ್ಸೆಂಟ್ ಲೆಕ್ಕ ಸರಿಹೋಗಬಹುದು, ಬ್ಯಾಟರಿ ಅಲ್ಲ. ಊದಿದ್ದಕ್ಕೆ ಚಾರ್ಜ್ ಹಾಕೋದು ಅಪಾಯ. ದಯವಿಟ್ಟು ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಸುಮಾ: ನನ್ನದು ಸ್ಲೋ. ದಿನಾ ಶಟ್‌ಡೌನ್ ಮಾಡ್ತೀನಿ, ಆದ್ರೂ ಹೆಲ್ಪ್‌ಡೆಸ್ಕ್‌ನವರು ರೀಸ್ಟಾರ್ಟ್ ಮಾಡಿ ಅಂತಾರೆ. ಎರಡೂ ಒಂದೇ ಅಲ್ವಾ?

ಗಿರೀಶ್: ಅಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಎಲ್ಲವೂ ಹೊಸದಾಗಿ ಶುರುವಾಗಲ್ಲ.

ಮಂಜು: ಹಂಗಾದ್ರೆ ಶಟ್‌ಡೌನ್ ಬಟನ್ ಯಾಕಿದೆ? ಸುಮ್ನೆ ಏನೋ ಹೇಳ್ತೀರ.

ಸುಮಾ: ಮಂಜು, ಅವರಿಗೆ ದಿನಾ ಇದೇ ಕೆಲಸ, ನಿಮಗೆ ಫಾರ್ವರ್ಡ್ ಕೆಲಸ.

ಮಂಜು: ನಾನು ಸಹಾಯ ಮಾಡೋಕೆ ಬಂದೆ, ಬೈಸಿಕೊಳ್ಳೋಕಲ್ಲ.

ದೀಪಕ್: ಪ್ರಿಂಟರ್ ಆಫ್‌ಲೈನ್ ತೋರಿಸುತ್ತೆ, ಅದಕ್ಕೂ ಇದೇ ಥರ ಬರೀಬೇಕಾ?

ಅನಿಲ್: ನನಗೂ ಆಫ್ ಆಗ್ತಿದೆ. ಇವೆಂಟ್ ವ್ಯೂವರ್‌ನಲ್ಲಿ `Kernel-Power 41` ಇದೆ. ಪವರ್ ಸಪ್ಲೈ ಹೋಗಿದೆ ಅಂತ ಟಿಕೆಟ್‌ನಲ್ಲಿ ಬರೆದೆ.

ಗಿರೀಶ್: 41 ಅಂದ್ರೆ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಯ್ತು ಅಂತ ಅಷ್ಟೇ. ಕಾರಣ ಅದು ಹೇಳಲ್ಲ. ಕಂಡಿದ್ದನ್ನು ಬರೆಯಿರಿ, ತೀರ್ಪು ಬೇಡ.

ರೇಖಾ: ಅಲ್ಲಾಡ್ತಿದೆ ಸರ್. ಸಂಜೆ ಒಂದೇ ಮೀಟಿಂಗ್, ಚಾರ್ಜರ್ ಹಾಕ್ಕೊಂಡು ಮುಗಿಸಲಾ?

ಗಿರೀಶ್: ಬೇಡ. ಫೋನ್‌ನಲ್ಲಿ ಸೇರಿ. ಟಿಕೆಟ್ ಹಾಕಿ ಆಮೇಲೆ ಹೆಲ್ಪ್‌ಡೆಸ್ಕ್‌ಗೆ ಕರೆನೂ ಮಾಡಿ, ಇದು ಸರದಿಯಲ್ಲಿ ಕಾಯೋ ವಿಷಯ ಅಲ್ಲ.