ಅಪ್‌ಡೇಟ್: ಚಕ್ರ ಹಾಕಿದ ಮೇಲೆ ನಟ್ ಮತ್ತೆ ನೋಡಿದೆ, ಒಂದು ತಿರುಗಿತು

ನನ್ನ ಪ್ರಶ್ನೆ ಇದಾಗಿತ್ತು: "ಪಂಕ್ಚರ್ ಆಗಿ ನಾನೇ ಹಿಂದಿನ ಎಡ ಚಕ್ರ ಬಿಚ್ಚಿ ಹಾಕಿದ್ದೇನೆ, ನಟ್ಟುಗಳನ್ನು ಮತ್ತೆ ಬಿಗಿ ನೋಡಬೇಕಾ?"

ನೋಡಿದೆ ಮಾರಾಯ್ರೆ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗಿ ಬಂದು, ಚಕ್ರ ತಣ್ಣಗಾಗಲಿ ಅಂತ ಚಾ ಕುಡಿದು, ಆಮೇಲೆ ಪಕ್ಕದ ಮನೆಯವರ ಟಾರ್ಕ್ ವ್ರೆಂಚ್ ತಂದೆ, ಇಟ್ಟ ಅಳತೆಯ ಬಿಗಿ ಬಂದ ಕೂಡಲೇ ಟಕ್ ಅನ್ನುವ ಸ್ಪ್ಯಾನರ್ ಅದು. ನನ್ನ ಗಾಡಿಯ ಪುಸ್ತಕದಲ್ಲಿ ನಟ್ಟಿನ ಬಿಗಿ 100 ನ್ಯೂಟನ್ ಮೀಟರ್ ಅಂತಿದೆ, ನಿಮ್ಮದರಲ್ಲಿ ಬೇರೆ ಇರಬಹುದು. ಜ್ಯಾಕ್ ಹಾಕಲಿಲ್ಲ, ಚಕ್ರ ನೆಲದ ಮೇಲೆಯೇ ಇತ್ತು. ನಟ್ ಸಡಿಲ ಮಾಡದೆ ಸುಮ್ನೆ ಬಿಗಿ ಮಾಡುವ ಕಡೆಗೆ ಎಳೆದೆ.

ಮೂರು ನಟ್ ಅಲುಗದೆ ಟಕ್ ಅಂದವು. ನಾಲ್ಕನೆಯದು ಸುಮಾರು ಕಾಲು ಸುತ್ತು ತಿರುಗಿ ಆಮೇಲೆ ಟಕ್ ಅಂತು. ಇಷ್ಟೊಂದು ತಿರುಗಬಾರದು ಅನಿಸಿ ಚಕ್ರ ಬಿಚ್ಚಿದೆ. ಡ್ರಮ್ಮಿನ ಮುಖದಲ್ಲಿ, ಆ ನಟ್ಟಿನ ಸ್ಟಡ್ ಪಕ್ಕದಲ್ಲೇ, ತುಕ್ಕಿನ ಒಂದು ಚಕ್ಕೆ ಒಣಗಿದ ಕೆಂಪು ಮಣ್ಣಿನ ಜೊತೆ ಅಂಟಿಕೊಂಡಿತ್ತು. ಮೊದಲು ಬಿಗಿ ಮಾಡುವಾಗ ಅದರ ಮೇಲೆಯೇ ಚಕ್ರ ಕೂತಿದೆ, ಓಡುವಾಗ ಅದು ಪುಡಿಯಾಗಿ ಜಾಗ ಸಡಿಲಾಗಿದೆ, ನಟ್ ಕದಲದಿದ್ದರೂ ಬಿಗಿ ಹೋಗಿದೆ. ತಪ್ಪು ನನ್ನದೇ, ಮಳೆಯಲ್ಲಿ ಅವಸರ ಮಾಡಿದ್ದೆ.

ವೈರ್ ಬ್ರಷ್‌ನಲ್ಲಿ ಡ್ರಮ್ಮಿನದು, ಚಕ್ರದ್ದು ಎರಡೂ ಮುಖ ಉಜ್ಜಿದೆ. ಸ್ಟಡ್‌ಗೆ ಎಣ್ಣೆ ಹಾಕಲಿಲ್ಲ, ಹಾಕಿದರೆ ಅದೇ ಅಳತೆಗೆ ನಟ್ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ. ಎದುರುಬದುರಾಗಿ ಬಿಗಿ ಮಾಡಿ ಮತ್ತೆ ಅಷ್ಟೇ ದೂರ ಓಡಿಸಿದೆ. ಈ ಸಲ ನಾಲ್ಕೂ ತಿರುಗದೆ ಟಕ್ ಅಂದವು. ಮತ್ತೂ ಆ ಒಂದೇ ತಿರುಗಿದ್ದರೆ ಸ್ಟಡ್ ಎಳೆದುಹೋಗಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸುತ್ತಿದ್ದೆ.