‘ಶೇ 87ರಷ್ಟು ಎಐ’ ಅಂತ ಬರೆದರೆ ಓದುಗರಿಗೆ ಏನು ಅರ್ಥವಾಗುತ್ತದೆ?

ಉಪಸಂಪಾದಕ, ಹಾಸನ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಾನು ಇಲ್ಲಿನ ಒಂದು ಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುತ್ತೇನೆ. ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ಬೇಲೂರು–ಬಿಕ್ಕೋಡು ರಸ್ತೆ, ಬೆಳಗಿನ ಮಂಜು, ಎರಡು ಮರಿ ಸೇರಿ ಏಳು ಆನೆ ರಸ್ತೆ ದಾಟುತ್ತಿವೆ. ಫೋಟೊ ಬೇಕಾದ್ದಕ್ಕಿಂತ ಜಾಸ್ತಿಯೇ ಚೆನ್ನಾಗಿತ್ತು. ಅದಕ್ಕೇ ಅನುಮಾನ ಬಂತು. ಎಐ ಚಿತ್ರ ಪತ್ತೆ ಮಾಡುವ ಒಂದು ವೆಬ್‌ಸೈಟಿಗೆ ಹಾಕಿ ನೋಡಿದೆವು. ಕೆಂಪು ಪಟ್ಟಿಯಲ್ಲಿ `AI-generated: 87%` ಅಂತ ತೋರಿಸಿತು.

ಫೋಟೊ ಹಾಕಲಿಲ್ಲ. ಆದರೆ ಅಷ್ಟರಲ್ಲಿ ಅದು ಊರೆಲ್ಲ ಹರಿದಾಡಿತ್ತು. ಸರಿ, ‘ಇದು ನಿಜವೇ?’ ಅಂತ ಒಂದು ಬಾಕ್ಸ್ ಮಾಡೋಣ ಅಂದುಕೊಂಡೆವು. ವರದಿಗಾರ ಬರೆದು ಕಳಿಸಿದ ಸಾಲು ಇದು: ‘ಈ ಚಿತ್ರ ಶೇ 87ರಷ್ಟು ಎಐ ನಿರ್ಮಿತ ಎಂಬುದು ದೃಢಪಟ್ಟಿದೆ.’ ನಾನು ಅದನ್ನು ‘ಎಐ ನಿರ್ಮಿತವಾಗಿರುವ ಸಾಧ್ಯತೆ ಶೇ 87’ ಅಂತ ತಿದ್ದಿದೆ. ಈ ತಿದ್ದುಪಡಿ ಸರಿಯೇ? ಬಾಕ್ಸ್ ಇನ್ನೂ ತಡೆಹಿಡಿದಿದ್ದೇನೆ.

ಜೊತೆಗೆ, ಆ ವೆಬ್‌ಸೈಟಿನ ವಿವರಣೆಯಲ್ಲಿ ಥ್ರೆಶ್‌ಹೋಲ್ಡ್, ಬೇಸ್ ರೇಟ್ ಅನ್ನುವ ಎರಡು ಮಾತು ಇವೆ. ‘ಹೊಸ್ತಿಲು’, ‘ಮೂಲ ದರ’ ಅಂದರೆ ನಡೆಯುತ್ತದಾ?

ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

ವರದಿಗಾರರ ವಾಕ್ಯ ಖಂಡಿತ ತಪ್ಪು. ‘ಶೇ 87ರಷ್ಟು’ ಅಂದಕೂಡಲೇ ಕನ್ನಡದಲ್ಲಿ ಬರುವ ಅರ್ಥ ಪಾಲು. ಶೇ 87ರಷ್ಟು ಮತದಾನ, ಶೇ 87ರಷ್ಟು ಕಾಮಗಾರಿ ಅನ್ನುವ ಹಾಗೆ. ಓದುಗರು ಇದನ್ನು ‘ಚಿತ್ರದಲ್ಲಿ 87 ಪಾಲು ಕಂಪ್ಯೂಟರ್ ಬರೆದದ್ದು, ಉಳಿದ 13 ಪಾಲು ನಿಜವಾದ ರಸ್ತೆ’ ಅಂತಲೇ ಓದುತ್ತಾರೆ. ಇನ್ನು ‘ದೃಢಪಟ್ಟಿದೆ’ ಅಂದಮೇಲೆ ಶೇಕಡಾವಾರು ಏಕೆ? ಎರಡೂ ಒಂದೇ ವಾಕ್ಯದಲ್ಲಿ ಕೂರುವುದಿಲ್ಲ.

ನಿಮ್ಮ ತಿದ್ದುಪಡಿ ಸರಿಯಾಗಿದೆ. ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕದಲ್ಲಿ ‘ಸಂಭವನೀಯತೆ’ ಅಂತಿದೆ, ಪತ್ರಿಕೆಗೆ ‘ಸಾಧ್ಯತೆ’ ಸಾಕು. ಹಾಗೇ ಬಿಡಿ.

ಕಾಫಿ ಬೆಳೆಗಾರ, ಮೂಡಿಗೆರೆ

ಮೂಲ ದರ ಅಂತ ನೋಡಿ ಕಾಫಿ ರೇಟಿನ ಚರ್ಚೆ ಅಂದುಕೊಂಡು ತೆರೆದೆ. ಅಲ್ಲ ಅಂತ ಈಗ ಗೊತ್ತಾಯಿತು. ಅಂದಮೇಲೆ ಆ ಪದ ಬೇಡ ಬಿಡಿ, ನಮ್ಮ ಕಡೆಯವರೆಲ್ಲ ಹಾಗೇ ಓದುತ್ತಾರೆ.

ಬಂದಿದ್ದಕ್ಕೆ ನನ್ನದೂ ಒಂದು ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ನಮ್ಮ ತೋಟದ ಗೇಟಿನ ಹತ್ತಿರ ಒಂಟಿ ಸಲಗ ನಿಂತಿತ್ತು. ಇನ್ನೂ ಬೆಳಕಾಗಿರಲಿಲ್ಲ, ಮೊಬೈಲಿನ ನೈಟ್ ಮೋಡಿನಲ್ಲಿ ಫೋಟೊ ತೆಗೆದು ಒಂದು ಪತ್ರಿಕೆಗೆ ಕಳಿಸಿದೆ. ‘ಸರ್, ಇದು ಎಐ ಅಂತ ಬರ್ತಿದೆ’ ಅಂದರು. ಆನೆ ಕಾರ್ಯಪಡೆಯವರು ಬಂದು ಪಟಾಕಿ ಹೊಡೆದು ಓಡಿಸಿದ್ದೂ ಎಐ ಇರಬೇಕು! ಗೇಟು ಇನ್ನೂ ಸೊಟ್ಟಗೇ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ನನ್ನ ಪ್ರಕಾರ ಆ ವೆಬ್‌ಸೈಟುಗಳನ್ನು ನಂಬಲೇಬಾರದು.

ಫ್ಯಾಕ್ಟ್‌ಚೆಕ್ ಕೆಲಸದವಳು, ಚಿಕ್ಕಮಗಳೂರು

ಮೇಷ್ಟ್ರೇ, ಮೊದಲ ಮಾತು ಪೂರ್ತಿ ಒಪ್ಪುತ್ತೇನೆ. ಎರಡನೆಯದು ಒಪ್ಪಲಾರೆ. ‘ಸಾಧ್ಯತೆ ಶೇ 87’ ಕೂಡ ತಪ್ಪೇ. ವ್ಯಾಕರಣಕ್ಕೆ ಸರಿ ಇದೆ, ವಿಷಯಕ್ಕೆ ಇಲ್ಲ.

ಆ 87 ಸಾಫ್ಟ್‌ವೇರ್ ಕೊಟ್ಟ ಒಂದು ಅಂಕ. ಅದು 87 ಕೊಟ್ಟ ಚಿತ್ರಗಳನ್ನೆಲ್ಲ ಒಟ್ಟುಹಾಕಿ ಪರೀಕ್ಷೆ ಮಾಡಿದಾಗ ನೂರಕ್ಕೆ 87 ನಿಜಕ್ಕೂ ಎಐ ಆಗಿದ್ದರೆ ಮಾತ್ರ ಅದನ್ನು ಸಾಧ್ಯತೆ ಅನ್ನಬಹುದು. ಆ ಪರೀಕ್ಷೆಯೂ ನಿಮ್ಮ ಡೆಸ್ಕಿಗೆ ಬರುವಂಥ ಚಿತ್ರಗಳ ಮೇಲೇ ನಡೆದಿರಬೇಕು. ತಯಾರಕರು ಪರೀಕ್ಷೆಗೆ ಬಳಸುವ ರಾಶಿಯಲ್ಲಿ ಎಷ್ಟೋ ಸಲ ಅರ್ಧ ಎಐ, ಅರ್ಧ ಅಸಲಿ ಇರುತ್ತದೆ. ನಿಮಗೆ ಬರುವ ಫೋಟೊಗಳಲ್ಲಿ ಅರ್ಧಕ್ಕರ್ಧ ಎಐ ಇರುತ್ತದಾ? ಇಲ್ಲ ಅಲ್ವಾ?

ರಾಶಿಯಲ್ಲಿ ಮೊದಲೇ ಎಐ ಚಿತ್ರ ನೂರಕ್ಕೆ ಎಷ್ಟಿವೆ ಅನ್ನುವುದೇ ಬೇಸ್ ರೇಟ್. ಲೆಕ್ಕ ಮಾಡಿ ನೋಡೋಣ. ಸಂಖ್ಯೆಗಳು ಸುಮ್ನೆ ಉದಾಹರಣೆಗೆ, ಯಾವ ವೆಬ್‌ಸೈಟಿನವೂ ಅಲ್ಲ.

ಓದುಗರು ಕಳಿಸಿದ ಸಾವಿರ ಫೋಟೊ ಇವೆ ಅನ್ನಿ. ಜಾತ್ರೆ, ಗುಂಡಿ ಬಿದ್ದ ರಸ್ತೆ, ಆನೆ, ಶಾಲೆಯ ಕಾರ್ಯಕ್ರಮ ಎಲ್ಲ ಸೇರಿ. ಅದರಲ್ಲಿ 20 ಮಾತ್ರ ಎಐ. ಸಾಫ್ಟ್‌ವೇರ್ ಆ 20ರಲ್ಲಿ 18 ಹಿಡಿಯುತ್ತದೆ. ಒಳ್ಳೆಯದೇ. ಆದರೆ ಅಸಲಿ ಫೋಟೊಗಳಲ್ಲೂ ನೂರಕ್ಕೆ ಐದನ್ನು ತಪ್ಪಾಗಿ ‘ಎಐ’ ಅನ್ನುತ್ತದೆ. ಅಸಲಿ ಇರುವುದು 980, ಅದರಲ್ಲಿ 49ಕ್ಕೆ ಸುಳ್ಳು ಆಪಾದನೆ. ಈಗ ಕೆಂಪು ಪಟ್ಟಿ ಬಂದ ಫೋಟೊ ಒಟ್ಟು 67. ಅವುಗಳಲ್ಲಿ ನಿಜವಾಗಿ ಎಐ ಇರುವುದು 18. ನೂರಕ್ಕೆ 27 ಆಯಿತು. ಅಂದರೆ ಕೆಂಪು ಬಂದ ನಾಲ್ಕು ಫೋಟೊದಲ್ಲಿ ಹೆಚ್ಚುಕಡಿಮೆ ಮೂರು ಅಸಲಿ.

ಈಗ ಅದೇ ಸಾಫ್ಟ್‌ವೇರಿಗೆ ಬೇರೆ ರಾಶಿ ಕೊಡಿ. ‘ಇದು ಯಾಕೋ ಸರಿಯಿಲ್ಲ’ ಅಂತ ನೀವು ಮೊದಲೇ ಎತ್ತಿಟ್ಟ ಸಾವಿರ ಫೋಟೊ. ಅದರಲ್ಲಿ 300 ಎಐ ಅನ್ನಿ. 270 ಸಿಗುತ್ತವೆ. ಅಸಲಿ 700ರಲ್ಲಿ ತಪ್ಪು ಆಪಾದನೆ 35. ಕೆಂಪು ಬಂದ 305ರಲ್ಲಿ 270 ಎಐ, ನೂರಕ್ಕೆ 88ರ ಮೇಲೆ. ಸಾಫ್ಟ್‌ವೇರ್ ಅದೇ, ಪಟ್ಟಿಯ ಬಣ್ಣವೂ ಅದೇ. ಬದಲಾಗಿದ್ದು ರಾಶಿ.

ಅದಕ್ಕೇ ಬೆಳೆಗಾರರ ಮಾತಿಗೂ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಸಲಗಕ್ಕೆ ಅನ್ಯಾಯವಾಗಿದ್ದು ನಿಜ ಸರ್. ನೈಟ್ ಮೋಡಿನಲ್ಲಿ ಫೋನ್ ಹಲವು ಫ್ರೇಮ್ ಸೇರಿಸಿ, ಕಾಳುಕಾಳಾಗಿ ಕಾಣುವುದನ್ನು ಒರೆಸಿ ನುಣ್ಣಗೆ ಮಾಡುತ್ತದೆ. ಇಂಥ ಸಾಫ್ಟ್‌ವೇರ್ ಮೋಸ ಹೋಗುವ ಜಾಗಗಳಲ್ಲಿ ಅದೂ ಒಂದು. ಆದರೆ ಬಂದ ಎಲ್ಲ ಫೋಟೊಗಳನ್ನೂ ಅದಕ್ಕೆ ಹಾಕಿ ಕೆಂಪು ಬಂದದ್ದನ್ನೆಲ್ಲ ಎಸೆಯುವುದು ಬೇರೆ. ಅನುಮಾನಕ್ಕೆ ಬೇರೆ ಕಾರಣ ಇದ್ದಾಗ ಇದನ್ನೂ ಒಂದು ಸುಳಿವು ಅಂತ ಇಟ್ಟುಕೊಳ್ಳುವುದು ಬೇರೆ.

ಇನ್ನು ಥ್ರೆಶ್‌ಹೋಲ್ಡ್. ಎಷ್ಟಕ್ಕೆ ಕೆಂಪು ತೋರಿಸಬೇಕು ಅನ್ನುವ ಗೆರೆ ಅದು. ಎಷ್ಟೋ ಕಡೆ ತಯಾರಕರು 50ಕ್ಕೇ ಎಳೆದಿರುತ್ತಾರೆ. ಅದನ್ನು ಮೇಲೆ ತಂದರೆ ಸುಳ್ಳು ಆಪಾದನೆ ಕಡಿಮೆಯಾಗುತ್ತದೆ, ಎಐ ಚಿತ್ರಗಳು ತಪ್ಪಿಸಿಕೊಳ್ಳುವುದು ಹೆಚ್ಚುತ್ತದೆ. ಮೊದಲ ರಾಶಿಯಲ್ಲಿ ಗೆರೆ ಏರಿಸಿ, 20ರಲ್ಲಿ 14 ಮಾತ್ರ ಸಿಗುವ ಹಾಗೆ, ಅಸಲಿಯಲ್ಲಿ ನೂರಕ್ಕೆ ಒಂದೇ ತಪ್ಪುವ ಹಾಗೆ ಮಾಡಿದಿರಿ ಅನ್ನಿ. ಆಗ ಕೆಂಪು ಬರುವುದು 24, ಅದರಲ್ಲಿ 14 ಎಐ. ಆರು ತಪ್ಪಿಸಿಕೊಂಡವು. ಯಾವ ತಪ್ಪು ನಿಮಗೆ ದುಬಾರಿ ಅನ್ನುವುದನ್ನು ಸಂಪಾದಕರು ಕೂತು ಹೇಳಬೇಕು. ‘ಇನ್ನೊಮ್ಮೆ ಪರಿಶೀಲಿಸಿ’ ಅನ್ನಲು ಕೆಳಗಿನ ಗೆರೆ ಸಾಕು. ಒಬ್ಬರ ಫೋಟೊವನ್ನು ‘ನಕಲಿ’ ಅಂತ ಅಚ್ಚು ಹಾಕಲು ಯಾವ ಗೆರೆಯೂ ಸಾಲದು ಅಂತ ನನ್ನ ಅಭಿಪ್ರಾಯ.

ಪದದ ವಿಷಯ: ನಾನು ‘ಗೆರೆ’ ಅಂತಲೇ ಬಳಸುತ್ತೇನೆ. ಹೊಸ್ತಿಲು ಅಂದರೆ ಒಳಗೆ ಕರೆದ ಹಾಗಿರುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಮೇಡಂ, ಇದಕ್ಕೆ ಸುಲಭದ ದಾರಿ ಇದೆ. ಎರಡು ಬೇರೆ ಬೇರೆ ವೆಬ್‌ಸೈಟಿಗೆ ಹಾಕಿದರೆ ಆಯಿತು. ಎರಡೂ 87 ಅಂದರೆ, ಎರಡೂ ತಪ್ಪಿರುವ ಸಾಧ್ಯತೆ 13 ಗುಣಿಸು 13, ಅಂದರೆ ನೂರಕ್ಕೆ ಎರಡೂ ಇಲ್ಲ. ಆಗ ‘ಶೇ 98’ ಅಂತ ಧೈರ್ಯವಾಗಿ ಬರೆಯಬಹುದು.

ಫ್ಯಾಕ್ಟ್‌ಚೆಕ್ ಕೆಲಸದವಳು, ಚಿಕ್ಕಮಗಳೂರು

ಎರಡನೆಯದನ್ನು ಕೇಳುವುದು ಒಳ್ಳೆಯದೇ. ಆದರೆ ಹಾಗೆ ಗುಣಿಸುವ ಹಾಗಿಲ್ಲಪ್ಪ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ತಪ್ಪುತ್ತಿದ್ದರೆ ಮಾತ್ರ ಗುಣಿಸಬಹುದು. ಇವು ಎಷ್ಟೋ ಸಲ ಕಲಿತಿರುವುದು ಒಂದೇ ಥರದ ಚಿತ್ರಗಳಿಂದ. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸಿ ಮತ್ತೆ ಜೆಪಿಇಜಿ ಮಾಡಿದಾಗ ಒಂದು ಯಾವುದಕ್ಕೆ ಮೋಸ ಹೋಗುತ್ತದೋ ಇನ್ನೊಂದೂ ಅದಕ್ಕೇ ಹೋಗಬಹುದು. ಅದೂ ಅಲ್ಲದೆ, ನೀನು ಶುರುಮಾಡಿದ್ದೇ 87 ಅನ್ನುವುದು ಸಾಧ್ಯತೆ ಅಂತ ಇಟ್ಟುಕೊಂಡು. ಅದೇ ಆಗದು ಅಂತ ಇಷ್ಟು ಹೊತ್ತು ಹೇಳಿದ್ದು.

ಉಪಸಂಪಾದಕರೇ, ನೀವು ಒಂದು ಕೆಲಸ ಮಾಡಬಹುದು. ನಿಮ್ಮದೇ ಫೋಟೊಗ್ರಾಫರ್ ತೆಗೆದ, ಅಸಲಿ ಅಂತ ನಿಮಗೆ ಗೊತ್ತಿರುವ ಮುನ್ನೂರು ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡು ಆ ವೆಬ್‌ಸೈಟಿಗೆ ಹಾಕಿ. ಮಂಜು, ರಾತ್ರಿ, ಮಳೆ ಎಲ್ಲ ಇರಲಿ. ಹದಿನೈದಕ್ಕೆ ಕೆಂಪು ಬಂದರೆ ನಿಮ್ಮ ಊರಿನ ಸುಳ್ಳು ಆಪಾದನೆ ನೂರಕ್ಕೆ ಐದು. ಒಂದಕ್ಕೂ ಬರದಿದ್ದರೂ ಸೊನ್ನೆ ಅಂತಲ್ಲ, ನೂರಕ್ಕೆ ಒಂದರವರೆಗೂ ಇರಬಹುದು. ಎಐ ಚಿತ್ರಗಳನ್ನು ಎಷ್ಟು ಹಿಡಿಯುತ್ತದೆ ಅನ್ನುವುದು ಮಾತ್ರ ಹೀಗೆ ಗೊತ್ತಾಗುವುದಿಲ್ಲ. ಅದು ಯಾವ ಸಾಫ್ಟ್‌ವೇರಿನಲ್ಲಿ ಚಿತ್ರ ಮಾಡಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಹೊಸದು ಬಂದಾಗಲೆಲ್ಲ ಹಿಡಿಯುವುದು ಕಡಿಮೆಯಾಗುವ ಅಪಾಯವಿದೆ.

ಉಪಸಂಪಾದಕ, ಹಾಸನ

ಇದರ ನಡುವೆ ಫೋಟೊ ಕಳಿಸಿದವರು ಸಿಕ್ಕಿದರು. ಫೋನಿನಲ್ಲಿರುವ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ ಅಂದೆ. ಅದನ್ನು ಹಾಕಿದರೆ 34 ಬಂತು. ಹಾಗಾದರೆ ಅಸಲಿ ಅಂತ ಬರೆಯಬಹುದಾ?

ಫ್ಯಾಕ್ಟ್‌ಚೆಕ್ ಕೆಲಸದವಳು, ಚಿಕ್ಕಮಗಳೂರು

87 ಅಂದಾಗ ಎಐ ಅಂತ ಬರೆಯಬಾರದಾದರೆ, 34 ಅಂದಾಗ ಅಸಲಿ ಅಂತಲೂ ಬರೆಯಬಾರದು. ಫೈಲ್ ಬದಲಾದರೆ ಅಂಕ ಇಷ್ಟು ಕುಣಿಯುತ್ತದೆ ಅನ್ನುವುದಷ್ಟೇ ಈಗ ಗೊತ್ತಾಗಿದ್ದು. ಮೂಲ ಫೈಲ್ ಸಿಕ್ಕಿದ್ದು ಮಾತ್ರ ದೊಡ್ಡ ವಿಷಯ. ತಾರೀಕು, ಸಮಯ, ಫೋನಿನ ಮಾಡೆಲ್ ಅದರಲ್ಲಿ ಉಳಿದಿರುತ್ತದೆ. ಬದಲಾಯಿಸಬಹುದು ನಿಜ, ಆದರೂ ನೋಡಿ. ಅದರ ಹಿಂದೆ ಮುಂದೆ ತೆಗೆದ ಫೋಟೊ ಕೇಳಿ. ಆನೆ ಕಂಡವರು ಯಾರೂ ಒಂದೇ ಕ್ಲಿಕ್ ಹೊಡೆದು ಸುಮ್ಮನಿರುವುದಿಲ್ಲ.

ಆಮೇಲೆ ಜಾಗ. 2023ರ ಮೇ 22ರಂದು ಅಮೆರಿಕದ ಪೆಂಟಗನ್ ಹತ್ತಿರ ಸ್ಫೋಟ ಅಂತ ಒಂದು ಚಿತ್ರ ಹರಡಿ, ಅಲ್ಲಿನ ಷೇರುಪೇಟೆಯೇ ಸ್ವಲ್ಪ ಹೊತ್ತು ಕುಸಿದಿತ್ತು. ಅಲ್ಲಿನ ಅಗ್ನಿಶಾಮಕ ದಳದವರು ಅಂಥದ್ದೇನೂ ಆಗಿಲ್ಲ ಅಂದರು, ವಿಷಯ ಅಲ್ಲಿಗೆ ಮುಗಿಯಿತು. ನಿಮಗೂ ಬೇಲೂರು ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಫೋನ್ ಸಾಕು. ಆ ದಿನ ಆ ರಸ್ತೆಯಲ್ಲಿ ಏಳು ಆನೆಯ ಗುಂಪು ಇತ್ತಾ ಅಂತ ಕೇಳಿ. ಹೋದ ವರ್ಷದ ಅಸಲಿ ಫೋಟೊವನ್ನು ಇವತ್ತಿನದು ಅಂತ ಕಳಿಸಿದ್ದರೆ ಈ ವೆಬ್‌ಸೈಟು ಅದನ್ನು ಹಿಡಿಯುವುದೇ ಇಲ್ಲ, ಯಾಕಂದರೆ ಅದು ಹುಡುಕುವುದು ಅದನ್ನಲ್ಲ.

ಬಾಕ್ಸಿಗೆ ಈ ವಾಕ್ಯ ನೋಡಿ: ‘ಎಐ ಪತ್ತೆ ಸಾಫ್ಟ್‌ವೇರ್ ಈ ಚಿತ್ರದ ಬಗ್ಗೆ ಸಂಶಯ ತೋರಿಸಿತ್ತು. ಮೂಲ ಫೈಲ್ ಮತ್ತು ಅರಣ್ಯ ಇಲಾಖೆಯ ಮಾಹಿತಿಯನ್ನು ಪರಿಶೀಲಿಸಿದಾಗ…’ ಮುಂದಿನದು ನಿಮಗೆ ಸಿಕ್ಕ ಉತ್ತರದ ಮೇಲೆ. ಅಂಕ ಬೇಡವೇ ಬೇಡ.

ನಿವೃತ್ತ ಕನ್ನಡ ಮೇಷ್ಟ್ರು, ಅರಸೀಕೆರೆ

ಒಪ್ಪಿದೆ ತಾಯಿ. ‘ಸಾಧ್ಯತೆ’ ಹಿಂದಕ್ಕೆ ತೆಗೆದುಕೊಂಡೆ. ಅಂಕ ಹಾಕಲೇಬೇಕು ಅಂತ ಸಂಪಾದಕರು ಹಟ ಹಿಡಿದರೆ ‘ಸಂಶಯಾಂಕ 87’ ಅನ್ನಬಹುದಲ್ಲವೇ? ಶೇಕಡಾ ಚಿಹ್ನೆ ಇಲ್ಲದೆ. ‘ಬುದ್ಧ್ಯಂಕ’ದ ಹಾಗೆ.

ಕಾಫಿ ಬೆಳೆಗಾರ, ಮೂಡಿಗೆರೆ

ಸಂಶಯಾಂಕ ಅಂದರೆ ಫೋಟೊ ಕಳಿಸಿದವನ ಮೇಲೇ ಸಂಶಯ ಅಂದ ಹಾಗಿದೆ ಮೇಷ್ಟ್ರೇ. ನನಗೆ ಒಮ್ಮೆ ಆಗಿದ್ದೇ ಸಾಕು.

ಉಪಸಂಪಾದಕ, ಹಾಸನ

ಮೂಲ ಫೈಲಿನಲ್ಲಿ ತಾರೀಕು ಮೊನ್ನೆಯದೇ ಇದೆ. ಅರಣ್ಯ ಕಚೇರಿಯವರು ಆ ಭಾಗದಲ್ಲಿ ಗುಂಪು ಇತ್ತು ಅಂದರು, ಆದರೆ ಐದು ಆನೆ ಅಂದರು, ಏಳಲ್ಲ. ಮರಿಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಅಂತ ನಾಳೆ ಮತ್ತೆ ಕೇಳಬೇಕು. ಅಲ್ಲಿಯವರೆಗೆ ಬಾಕ್ಸ್ ಹಾಗೇ ಇರಲಿ. ‘ಗೆರೆ’ ಪದ ಡೆಸ್ಕಿನಲ್ಲಿ ಎಲ್ಲರಿಗೂ ಹಿಡಿಸಿತು. ಬೇಸ್ ರೇಟಿಗೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ, ಯಾರಿಗಾದರೂ ಹೊಳೆದರೆ ಬರೆಯಿರಿ.