ಸೂಜಿಯ ‘ದೊಡ್ಡ ನಂಬರ್’ ಅಂದ್ರೆ ದಪ್ಪವೋ ತೆಳುವೋ? ಜೊತೆಗೆ ರಫೂ, ತೇಪೆ

ದಾವಣಗೆರೆಯಿಂದ:
ಇಲ್ಲಿ ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗಾಗಿ ಹರಿದ ಬಟ್ಟೆ ಸರಿಮಾಡುವ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ‘ಜೀನ್ಸ್‌ಗೆ ದೊಡ್ಡ ನಂಬರ್ ಸೂಜಿ, ರೇಷ್ಮೆಗೆ ಸಣ್ಣ ನಂಬರ್’ ಅಂತ ಎಲ್ಲರೂ ಹೇಳುತ್ತಾರೆ. ಅದನ್ನೇ ನಂಬಿ ಒಬ್ಬ ಹುಡುಗಿ ಕೈಸೂಜಿ ಪ್ಯಾಕೆಟ್‌ನಿಂದ 3ನೇ ನಂಬರ್ ಆರಿಸಿಕೊಂಡು ಅಜ್ಜಿಯ ಮೊಳಕಾಲ್ಮೂರು ಸೀರೆ ಹಿಡಿದು ಕೂತಿದ್ದಳು. ಅದು ಆ ಪ್ಯಾಕೆಟ್‌ನಲ್ಲೇ ದಪ್ಪ ಸೂಜಿ! ಹಾಗಾದರೆ ಏನಂತ ಬರೆಯಲಿ? ಇನ್ನೊಂದು, ರಫೂ ಮತ್ತು ತೇಪೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸಬಹುದಾ?

ಚಳ್ಳಕೆರೆಯಿಂದ:
ನಂಬರ್ ಜಾಸ್ತಿ ಆದಂತೆ ಸೂಜಿ ದಪ್ಪ, ಇದರಲ್ಲಿ ಗೊಂದಲ ಏನಿದೆ? ಮಷಿನ್ ಸೂಜಿ 11 ತೆಳು, 16 ದಪ್ಪ. ಹಾಗೇ ಬರೆಯಿರಿ. ರೇಷ್ಮೆಗೆ ಗಟ್ಟಿ ಪಾಲಿಯೆಸ್ಟರ್ ದಾರ ಅಂತಲೂ ಸೇರಿಸಿ, ಮತ್ತೆ ಬಿಚ್ಚಿಕೊಳ್ಳಲ್ಲ.

ಚಿತ್ರದುರ್ಗದಿಂದ:
ಮಷಿನ್ ಸೂಜಿಯ ಮಟ್ಟಿಗೆ ಚಳ್ಳಕೆರೆಯವರು ಹೇಳಿದ್ದು ಸರಿ. ಪ್ಯಾಕೆಟ್ ಮೇಲೆ 100/16 ಅಂತ ಇದ್ದರೆ ಆ 100 ಅಂದರೆ ಸೂಜಿಯ ದಪ್ಪ ಒಂದು ಮಿಲಿಮೀಟರ್. 70/10 ಅಂದರೆ 0.7. ಆದರೆ ಕೈಸೂಜಿಯಲ್ಲಿ ಲೆಕ್ಕ ಪೂರ್ತಿ ಉಲ್ಟಾ, 10 ಅಥವಾ 12 ಅಂದರೆ ಕೂದಲಿನಂಥ ಸೂಜಿ, 5 ಅಂದರೆ ಜೀನ್ಸ್‌ಗೆ ಆಗುವ ಸೂಜಿ. ದಾರದಲ್ಲೂ ಹಾಗೇ, 40 ದಪ್ಪ, 80 ತೆಳು. ಅದಕ್ಕೇ ‘ದೊಡ್ಡದು, ಸಣ್ಣದು’ ಅನ್ನೋದು ಬಿಟ್ಟು ‘ದಪ್ಪ, ತೆಳು’ ಅಂತ ಬರೆದು, ಪಕ್ಕದಲ್ಲಿ ಕೈಸೂಜಿಯೋ ಮಷಿನ್ ಸೂಜಿಯೋ ಹೇಳಿ ನಂಬರ್ ಕೊಡಿ.

ಪಾಲಿಯೆಸ್ಟರ್ ಮಾತು ಮಾತ್ರ ಒಪ್ಪಲ್ಲ. ದಾರ ಬಟ್ಟೆಗಿಂತ ಗಟ್ಟಿ ಇದ್ದರೆ, ಎಳೆತ ಬಿದ್ದಾಗ ದಾರ ಉಳಿಯುತ್ತೆ, ರೇಷ್ಮೆ ಕೊಯ್ದುಹೋಗುತ್ತೆ. ಆ ಹುಡುಗಿಯ ಸೀರೆ ಹರಿದಿದ್ದು ಹೆಗಲ ಮೇಲೆ ಪಿನ್ ಹಾಕುವ ಜಾಗದಲ್ಲಿ ಅಂತ ಇಟ್ಟುಕೊಳ್ಳಿ. ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಅದೇ ಬಣ್ಣದ ಎಳೆ ಎಳೆದುಕೊಳ್ಳಲಿ. 10ನೇ ನಂಬರ್ ಕೈಸೂಜಿ ಸಾಕು. ಗಂಟು ಬೇಡ, ಒಂದು ಸೆಂಟಿಮೀಟರ್ ಬಾಲ ಬಿಡಲಿ. ಹರಿದಲ್ಲಿಂದ ಅರ್ಧ ಸೆಂಟಿಮೀಟರ್ ಆಚೆ, ಗಟ್ಟಿ ಬಟ್ಟೆಯಲ್ಲಿ ಶುರುಮಾಡಿ, ಹಾಸಿನ ಎಳೆ ಒಂದನ್ನು ಮೇಲೆ ಇನ್ನೊಂದನ್ನು ಕೆಳಗೆ ಬಿಡುತ್ತಾ ಹೊಕ್ಕಿನಂತೆ ನೇಯ್ದುಕೊಂಡು ಹೋಗಬೇಕು, ಎಳೆದು ಬಿಗಿ ಮಾಡಬಾರದು. ಬಿಗಿಯಾದರೆ ಸುತ್ತ ನೆರಿಗೆ ಬೀಳುತ್ತೆ, ಅದೇ ಗುರುತು. ಇದು ರಫೂ. ಸೂಜಿ ದಪ್ಪ ಆದರೆ ಎಳೆಯೇ ತುಂಡಾಗಿ, ಬಿಚ್ಚಿದರೂ ತೂತು ಉಳಿಯುತ್ತೆ. ಮೊದಲು ಒಳತುದಿಯಲ್ಲಿ ಚುಚ್ಚಿ ಬೆಳಕಿಗೆ ಹಿಡಿದು ನೋಡಲಿ.

ಸೀರೆ ತೀರಾ ಹಳೆಯದಾಗಿ ಮಡಿಕೆಯಲ್ಲೇ ಸೀಳುತ್ತಿದ್ದರೆ ರಫೂ ನಿಲ್ಲಲ್ಲ, ಹೊಲಿದ ಪಕ್ಕದಲ್ಲೇ ಹರಿಯುತ್ತೆ. ಆಗ ಹಿಂದೆ ತೆಳು ರೇಷ್ಮೆ ತುಂಡು ಕೊಟ್ಟು ಹಿಡಿಸಬೇಕು.

ಜೀನ್ಸ್ ಮೊಣಕಾಲು ನೋಡಿದ್ದೀರಲ್ಲ, ನೀಲಿ ಹೋಗಿ ಬಿಳಿ ಎಳೆ ಅಡ್ಡಕ್ಕೆ ಜೋತಾಡುತ್ತಿರುತ್ತೆ. ನೀಲಿ ಹಾಸು ಮೇಲ್ಗಡೆ ಜಾಸ್ತಿ ಕಾಣುವುದರಿಂದ ಅದೇ ಮೊದಲು ಸವೆಯುತ್ತೆ. ಆ ಬಿಳಿ ಎಳೆ ಕತ್ತರಿಸಬೇಡಿ. ಹಿಂದಿನಿಂದ ಬಟ್ಟೆ ಕೊಟ್ಟು, 16ನೇ ಮಷಿನ್ ಸೂಜಿ, 40ರ ದಾರದಲ್ಲಿ ಕಾಲಿನ ಉದ್ದಕ್ಕೆ ಹತ್ತಿರ ಹತ್ತಿರ ಸಾಲು ಹಾಕಿ. ಹೋದದ್ದು ಉದ್ದದ ಎಳೆ ಅಲ್ವಾ, ತುಂಬಬೇಕಾದ್ದೂ ಅದೇ. ದಪ್ಪ ಮಡಿಕೆ ಬಂದಾಗ ಪೆಡಲ್ ಬಿಟ್ಟು ಚಕ್ರ ಕೈಯಲ್ಲೇ ತಿರುಗಿಸಿ, ಇಲ್ಲದಿದ್ದರೆ ಸೂಜಿ ಮುರಿಯುತ್ತೆ.

ಹಿರಿಯೂರಿನಿಂದ:
ದಪ್ಪ ಸೂಜಿಗೆ ನಮ್ಮ ಕಡೆ ದಬ್ಬಳ ಅಂತಾರೆ, ಅದನ್ನೇ ಬಳಸಿ. ಹಾಗೇ ಒಂದು ಕೇಳ್ತೀನಿ, ನನ್ನ ಮಗನ ಎಳೆದರೆ ಹಿಗ್ಗೋ ಜೀನ್ಸ್‌ಗೆ 16 ಹಾಕಿದರೂ ಮಷಿನ್ ನಡುನಡುವೆ ಹೊಲಿಗೆ ಬಿಟ್ಟುಹೋಗುತ್ತೆ, ಯಾಕೆ?

ಚಿತ್ರದುರ್ಗದಿಂದ:
ದಬ್ಬಳ ಗೋಣಿಚೀಲ ಹೊಲಿಯೋದು, ಜೀನ್ಸ್‌ಗೆ ಬೇಡ. ನಿಮ್ಮ ಬಟ್ಟೆಯಲ್ಲಿ ಹಿಗ್ಗುವ ಎಳೆ ಸೇರಿದೆ, ಅದಕ್ಕೆ ಸ್ಟ್ರೆಚ್ ಸೂಜಿ ಅಂತಲೇ ಸಿಗುತ್ತೆ. 90/14 ತಗೊಂಡು ಜಿಗ್‌ಜಾಗ್ ಹಾಕಿ ನೋಡಿ. ನೇರ ಹೊಲಿಗೆ ಮೊಣಕಾಲು ಮಡಚಿದಾಗ ಪಟ್ಟನೆ ಹರಿಯುತ್ತೆ.

ದಾವಣಗೆರೆಯಿಂದ:
‘ದಪ್ಪ, ತೆಳು’ ಅಂತಲೇ ಬರೆಯುತ್ತೇನೆ, ಕೈಸೂಜಿಗೂ ಮಷಿನ್‌ಗೂ ಬೇರೆ ಬೇರೆ ಸಾಲು. ರೇಷ್ಮೆಯದ್ದು ರಫೂ ಅನ್ನೋದು ಒಪ್ಪಿದೆ. ಆದರೆ ಜೀನ್ಸ್‌ಗೆ ಹಿಂದೆ ಬಟ್ಟೆಯೂ ಬಂತು, ಮೇಲೆ ಸಾಲು ಸಾಲು ದಾರವೂ ಬಂತು. ನಮ್ಮಮ್ಮ ಅದನ್ನ ತೇಪೆ ಅಂತಾರೆ, ಪೇಟೆಯ ಟೈಲರ್ ರಫೂ ಅಂತಾನೆ. ನಿಮ್ಮ ಊರಲ್ಲಿ ಹೊಲಿಯೋರು ಏನಂತಾರೆ, ಕೇಳಿ ಬರೆಯಿರಿ.